ಹಿಯರ್–ಲಿಸನ್ ಹಾಗೂ ಸೀ–ಲುಕ್–ವಾಚ್ ಕ್ರಿಯಾಪದಗಳು

ಇಂಗ್ಲಿಷ್ ಭಾಷೆಯಲ್ಲಿ ಕಿವಿಯ ವ್ಯಾಪಾರವನ್ನು ತಿಳಿಸಲು 'ಹಿಯರ್' ಮತ್ತು 'ಲಿಸನ್' ಎಂಬ ಎರಡು ಕ್ರಿಯಾಪದಗಳೂ, ಕಣ್ಣಿನ ವ್ಯಾಪಾರವನ್ನು ತಿಳಿಸಲು 'ಸೀ', 'ಲುಕ್' ಮತ್ತು 'ವಾಚ್' ಎಂಬ ಮೂರು ಕ್ರಿಯಾಪದಗಳೂ ನಿತ್ಯದ ಬಳಕೆಯಲ್ಲಿವೆ. ಕನ್ನಡದ 'ಕೇಳು' ಎಂಬ ಒಂದೇ ಪದ ಮೊದಲಿನ ಎರಡಕ್ಕೂ, 'ನೋಡು' ಎಂಬ ಒಂದೇ ಪದ ಉಳಿದ ಮೂರಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಈ ಕಾರಣದಿಂದ ಇಂಗ್ಲಿಷ್ ಕಲಿಯುವ ಕನ್ನಡಿಗರು ಇವುಗಳಲ್ಲಿ ಒಂದರ ಬದಲು ಮತ್ತೊಂದನ್ನು ಬಳಸುವುದುಂಟು. ಆದರೆ ಈ ಪದಗಳ ನಡುವಿನ ಮುಖ್ಯ ಭೇದ ಕನ್ನಡಕ್ಕೆ ಹೊಸದೇನಲ್ಲ. ಕನ್ನಡವು ಅದನ್ನು 'ಕೇಳಿದೆನು' ಮತ್ತು 'ಕೇಳಿಸಿತು', 'ನೋಡಿದೆನು' ಮತ್ತು 'ಕಾಣಿಸಿತು' ಎಂಬ ರೂಪಗಳಲ್ಲಿ ಇರಿಸಿಕೊಂಡಿದೆ.

== ಮೂಲಭೇದ ==

ಶಬ್ದವು ತಾನಾಗಿ ಕಿವಿಯ ಮೇಲೆ ಬೀಳುವುದು 'ಹಿಯರ್'. ಮನಸ್ಸಿಟ್ಟು ಕಿವಿಗೊಡುವುದು 'ಲಿಸನ್'. ಹಾಗೆಯೇ ವಸ್ತುವು ತಾನಾಗಿ ಕಣ್ಣಿಗೆ ಬೀಳುವುದು 'ಸೀ', ಕಣ್ಣನ್ನು ಒಂದು ಕಡೆಗೆ ತಿರುಗಿಸುವುದು 'ಲುಕ್'. ರಾತ್ರಿ ಮಲಗಿದವನಿಗೆ ಬೀದಿನಾಯಿಯ ಬೊಗಳು ಬೇಡವೆಂದರೂ ಕೇಳಿಸುತ್ತದೆ, ಅದು 'ಹಿಯರ್'. ಅವನು ಎದ್ದು ಕುಳಿತು, ಬಾಗಿಲಲ್ಲಿ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟರೆ ಅದು 'ಲಿಸನ್'.

ಕನ್ನಡದಲ್ಲಿ ತಾನಾಗಿ ಆಗುವ ಅನುಭವವನ್ನು ಹೇಳುವಾಗ ಅನುಭವಿಸುವವನು ಚತುರ್ಥೀ ವಿಭಕ್ತಿಯಲ್ಲಿ ಬರುತ್ತಾನೆ: 'ನನಗೆ ಸದ್ದು ಕೇಳಿಸಿತು', 'ನನಗೆ ಬೆಟ್ಟ ಕಾಣಿಸಿತು'. ಉದ್ದೇಶಪೂರ್ವಕವಾದ ಕ್ರಿಯೆಯಲ್ಲಾದರೆ ಅವನೇ ಕರ್ತೃವಾಗಿ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುತ್ತಾನೆ: 'ನಾನು ಹಾಡು ಕೇಳಿದೆ', 'ನಾನು ಬೆಟ್ಟವನ್ನು ನೋಡಿದೆ'. ಇಂಗ್ಲಿಷಿನಲ್ಲಿ ಎರಡು ಸಂದರ್ಭಗಳಲ್ಲೂ ಕರ್ತೃ 'ಐ' ಎಂದೇ ಇರುತ್ತದೆ. ವ್ಯತ್ಯಾಸವೆಲ್ಲ ಕ್ರಿಯಾಪದದ ಆಯ್ಕೆಯಲ್ಲಿದೆ. ಆದ್ದರಿಂದ ಸಂದೇಹ ಬಂದಾಗ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಅದು 'ನನಗೆ' ಎಂದು ಆರಂಭವಾಗುವುದೋ 'ನಾನು' ಎಂದು ಆರಂಭವಾಗುವುದೋ ಎಂದು ಪರಿಶೀಲಿಸಬಹುದು. 'ನನಗೆ' ಎಂದಾದರೆ ಸಾಮಾನ್ಯವಾಗಿ 'ಹಿಯರ್' ಅಥವಾ 'ಸೀ' ಸರಿಹೊಂದುತ್ತದೆ.

ಈ ಭೇದವನ್ನು ಕಡೆಗಣಿಸಿದರೆ ಕೆಲವೊಮ್ಮೆ ಹೇಳುವವನ ಉದ್ದೇಶಕ್ಕೆ ವಿರುದ್ಧವಾದ ಅರ್ಥವೇ ಬರುತ್ತದೆ. ದೂರವಾಣಿಯ ಮೂಲಕ ಉದ್ಯೋಗದ ಸಂದರ್ಶನ ನಡೆಯುತ್ತಿದೆ ಎಂದು ಭಾವಿಸೋಣ. ಸಂಪರ್ಕ ಸರಿಯಿಲ್ಲದೆ ಪ್ರಶ್ನೆ ಅಸ್ಪಷ್ಟವಾಯಿತು. ಅಭ್ಯರ್ಥಿ 'ಕ್ಷಮಿಸಿ, ನನಗೆ ಕೇಳಿಸಲಿಲ್ಲ' ಎನ್ನಬೇಕಾಗಿದೆ. ಅವನು 'ಸಾರಿ, ಐ ಡಿಡ್ನ್ಟ್ ಹಿಯರ್ ಯು' ಎಂದರೆ ತಪ್ಪು ಸಂಪರ್ಕದ್ದು. 'ಸಾರಿ, ಐ ಡಿಡ್ನ್ಟ್ ಲಿಸನ್ ಟು ಯು' ಎಂದರೆ 'ನಿಮ್ಮ ಮಾತಿಗೆ ನಾನು ಗಮನ ಕೊಡಲಿಲ್ಲ' ಎಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಎರಡೂ ವಾಕ್ಯಗಳು ವ್ಯಾಕರಣದ ದೃಷ್ಟಿಯಿಂದ ಸರಿಯಾಗಿಯೇ ಇವೆ. ಆದುದರಿಂದ ಎದುರಿನವರು ತಿದ್ದುವುದಿಲ್ಲ, ಹೇಳಿದ್ದನ್ನು ಹಾಗೆಯೇ ನಂಬುತ್ತಾರೆ.

ಇದೇ ಸಂದರ್ಭದಲ್ಲಿ ಕಿವಿಗೆ ಬೀಳುವ ಮತ್ತೊಂದು ಪ್ರಯೋಗ 'ಐ ಆ್ಯಮ್ ನಾಟ್ ಹಿಯರಿಂಗ್ ಯು' ಎಂಬುದು. 'ಕೇಳಿಸುತ್ತಿಲ್ಲ' ಎಂಬ ಕನ್ನಡದ ರೂಪವನ್ನು ಯಥಾವತ್ತಾಗಿ ಅನುಸರಿಸಿದ ವಾಕ್ಯವಿದು. ಇಂಗ್ಲಿಷಿನಲ್ಲಿ 'ಹಿಯರ್' ಮತ್ತು 'ಸೀ' ಪದಗಳು ಇಂದ್ರಿಯಾನುಭವದ ಅರ್ಥದಲ್ಲಿ ಸಾಮಾನ್ಯವಾಗಿ '-ಇಂಗ್' ರೂಪವನ್ನು ತಾಳುವುದಿಲ್ಲ. ಅವು ಮಾಡುವ ಕೆಲಸವಲ್ಲ, ಉಂಟಾಗುವ ಸ್ಥಿತಿ ಎಂಬುದು ಇದಕ್ಕೆ ಕಾರಣ. ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ಹೇಳಲು 'ಕ್ಯಾನ್' ಸೇರಿಸುವುದು ವಾಡಿಕೆ: 'ಐ ಕಾಂಟ್ ಹಿಯರ್ ಯು', 'ಐ ಕ್ಯಾನ್ ಸೀ ದ ಬಸ್'. 'ಲಿಸನ್', 'ಲುಕ್', 'ವಾಚ್' ಪದಗಳು ಮಾಡುವ ಕೆಲಸಗಳಾದ್ದರಿಂದ 'ಐ ಆ್ಯಮ್ ಲಿಸನಿಂಗ್', 'ಶೀ ಈಸ್ ವಾಚಿಂಗ್' ಎಂಬ ರೂಪಗಳು ಸಹಜವಾಗಿವೆ.

ಆಜ್ಞೆ ಮಾಡುವಾಗಲೂ ಇದೇ ತರ್ಕ ಅನ್ವಯಿಸುತ್ತದೆ. ತಾನಾಗಿ ಆಗುವುದನ್ನು ಮಾಡೆಂದು ಆಜ್ಞಾಪಿಸಲಾಗದು. ತರಗತಿಯಲ್ಲಿ 'ಸೀ ದ ಬೋರ್ಡ್' ಎಂಬ ಸೂಚನೆ ಎಷ್ಟೇ ರೂಢಿಯಲ್ಲಿದ್ದರೂ ಸರಿಯಾದ ಪ್ರಯೋಗ 'ಲುಕ್ ಅಟ್ ದ ಬೋರ್ಡ್' ಎಂದೇ. ಪುಸ್ತಕಗಳಲ್ಲಿ 'ಸೀ ಪೇಜ್ 10' ಎಂದು ಅಚ್ಚಾಗಿರುವುದು ಬೇರೆ ಮಾತು; ಅಲ್ಲಿ 10ನೆಯ ಪುಟವನ್ನು ಪರಾಮರ್ಶಿಸಿ ಎಂಬುದು ಅರ್ಥ.

== 'ಟು' ಮತ್ತು 'ಅಟ್' ==

'ಲಿಸನ್' ಪದದ ಮುಂದೆ ಕೇಳುವ ವಸ್ತುವನ್ನು ಹೇಳಬೇಕಾದರೆ 'ಟು' ಬೇಕು, 'ಲುಕ್' ಪದದ ಮುಂದೆ ನೋಡುವ ವಸ್ತುವನ್ನು ಹೇಳಬೇಕಾದರೆ 'ಅಟ್' ಬೇಕು. 'ಹಿಯರ್', 'ಸೀ', 'ವಾಚ್' ಪದಗಳಿಗೆ ಇವು ಬೇಡ. ಕನ್ನಡದಲ್ಲಿ 'ರೇಡಿಯೊ ಕೇಳಿದೆ', 'ಚಿತ್ರವನ್ನು ನೋಡಿದೆ' ಎಂದು ಹೇಳುವುದರಿಂದ 'ಲಿಸನ್ ದ ರೇಡಿಯೊ', 'ಲುಕ್ ದ ಪಿಕ್ಚರ್' ಎಂಬ ತಪ್ಪುಗಳು ಹುಟ್ಟುತ್ತವೆ. ಗಮನವನ್ನು ಒಂದು ವಸ್ತುವಿನ ಕಡೆಗೆ ತಿರುಗಿಸುವುದೇ ಈ ಎರಡು ಪದಗಳ ಅರ್ಥವಾದ್ದರಿಂದ, ಆ 'ಕಡೆಗೆ' ಎಂಬುದನ್ನು 'ಟು', 'ಅಟ್' ಸೂಚಿಸುತ್ತವೆ ಎಂದು ತಿಳಿದರೆ ನೆನಪಿಡುವುದು ಸುಲಭ. 'ಕಿವಿಗೊಡು' ಎಂಬ ಮಾತಿಗೂ ಕನ್ನಡದಲ್ಲಿ 'ಮಾತಿಗೆ ಕಿವಿಗೊಡು' ಎಂದು ಚತುರ್ಥಿಯೇ ಬೇಕಲ್ಲವೇ?

ವಸ್ತುವನ್ನು ಹೇಳದಿದ್ದಾಗ ಇವು ಬರುವುದಿಲ್ಲ: 'ಲಿಸನ್!', 'ಲುಕ್!'. ನೋಟದ ದಿಕ್ಕನ್ನು ಬೇರೊಂದು ಪದ ಹೇಳಿದರೆ 'ಅಟ್' ಬಿಟ್ಟುಹೋಗುತ್ತದೆ. ಮೇಲೆ ನೋಡುವುದು 'ಲುಕ್ ಅಪ್', ಕಿಟಕಿಯಿಂದ ಹೊರಗೆ ನೋಡುವುದು 'ಲುಕ್ ಔಟ್ ಆಫ್ ದ ವಿಂಡೋ'.

== 'ವಾಚ್' ಪದದ ವಿಶೇಷ ==

'ಲುಕ್' ಮತ್ತು 'ವಾಚ್' ಎರಡರಲ್ಲೂ ಉದ್ದೇಶವಿದೆ. ಚಲಿಸುವ ಅಥವಾ ಬದಲಾಗುವ ವಸ್ತುವನ್ನು, ಮುಂದೇನಾಗುವುದೋ ಎಂದು, ಸ್ವಲ್ಪ ಕಾಲದವರೆಗೆ ಗಮನಿಸುತ್ತಿರುವುದು 'ವಾಚ್'. ಗೋಡೆಯ ಮೇಲಿನ ಭಾವಚಿತ್ರಕ್ಕೆ 'ಲುಕ್ ಅಟ್', ಕ್ರಿಕೆಟ್ ಪಂದ್ಯಕ್ಕೆ 'ವಾಚ್'. ಒಲೆಯ ಮೇಲಿಟ್ಟ ಹಾಲಿನ ಬಣ್ಣವನ್ನು ಒಮ್ಮೆ ನೋಡಿದರೆ 'ಲುಕ್ ಅಟ್ ದ ಮಿಲ್ಕ್'. ಉಕ್ಕಿಹೋಗದಂತೆ ನೋಡುತ್ತಾ ನಿಂತರೆ 'ವಾಚ್ ದ ಮಿಲ್ಕ್'. ಕನ್ನಡದಲ್ಲಿ 'ನೋಡುತ್ತಾ ಇರು', 'ಗಮನಿಸುತ್ತಿರು', 'ಕಾಯುತ್ತಿರು' ಎಂಬ ಮಾತುಗಳು ಇದಕ್ಕೆ ಸಮೀಪದವು. ಕನ್ನಡಕ್ಕೆ ಬಂದು ನೆಲೆಸಿರುವ 'ವಾಚ್‌ಮನ್' ಎಂಬ ಪದದಲ್ಲಿ ಈ ಅರ್ಥವೇ ಇದೆ. ಆತ ಕಟ್ಟಡವನ್ನು ಒಮ್ಮೆ ನೋಡಿ ಹೋಗುವವನಲ್ಲ, ರಾತ್ರಿಯಿಡೀ ಕಾಯುವವನು.

ಚಲನಚಿತ್ರದ ವಿಷಯದಲ್ಲಿ ಮಾತ್ರ ಬಳಕೆ ಸಡಿಲವಾಗಿದೆ. ಚಿತ್ರಮಂದಿರಕ್ಕೆ ಹೋಗಿ ನೋಡಿದ್ದನ್ನು 'ಸಾ ಎ ಫಿಲ್ಮ್' ಎನ್ನುವುದು ಹೆಚ್ಚು. ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತು ನೋಡುವುದು 'ವಾಚ್'. 'ಸೀ ಟಿವಿ' ಎನ್ನುವುದಿಲ್ಲ.

== ಒಂದು ಪ್ರಸಂಗ ==

ಒಂದೇ ಪ್ರಸಂಗದಲ್ಲಿ ಐದೂ ಪದಗಳು ಹೇಗೆ ಬರುತ್ತವೆ ಎಂಬುದನ್ನು ನೋಡಬಹುದು. ಸಂಜೆಯ ಹೊತ್ತು ಅಜ್ಜಿಯೊಬ್ಬರು ಮನೆಯಲ್ಲಿ ಒಬ್ಬರೇ ಇದ್ದಾರೆ. ಗೇಟಿನ ಸದ್ದು ಕೇಳಿಸಿತು. ಅದನ್ನು ಅವರು ನಿರೀಕ್ಷಿಸಿರಲಿಲ್ಲ, ಆದ್ದರಿಂದ 'ಶೀ ಹರ್ಡ್ ದ ಗೇಟ್'. ಅವರು ಕಿಟಕಿಯಿಂದ ಹೊರಗೆ ನೋಡಿದರು, ಯಾರೂ ಕಾಣಿಸಲಿಲ್ಲ: 'ಶೀ ಲುಕ್ಡ್ ಔಟ್ ಆಫ್ ದ ವಿಂಡೋ, ಬಟ್ ಶೀ ಸಾ ನೋಬಡಿ'. ಕಿವಿಗೊಟ್ಟು ಕೇಳಿದರು, ಏನೂ ಕೇಳಿಸಲಿಲ್ಲ: 'ಶೀ ಲಿಸನ್ಡ್, ಬಟ್ ಶೀ ಹರ್ಡ್ ನಥಿಂಗ್'. ಲುಕ್ ಮಾಡಿಯೂ ಸೀ ಆಗದಿರಬಹುದು, ಲಿಸನ್ ಮಾಡಿಯೂ ಹಿಯರ್ ಆಗದಿರಬಹುದು ಎಂಬುದು ಈ ಎರಡು ವಾಕ್ಯಗಳಿಂದ ಸ್ಪಷ್ಟವಾಗುತ್ತದೆ. ಪದಗಳನ್ನು ಅದಲುಬದಲು ಮಾಡಿ 'ಶೀ ಹರ್ಡ್, ಬಟ್ ಶೀ ಲಿಸನ್ಡ್ ನಥಿಂಗ್' ಎಂದರೆ ವಾಕ್ಯ ನಿಲ್ಲುವುದೇ ಇಲ್ಲ.

ಕೊನೆಗೆ ಹಸುವೊಂದು ಒಳನುಗ್ಗಿ ಹೂವಿನ ಗಿಡ ತಿನ್ನುತ್ತಿರುವುದು ಅವರಿಗೆ ಕಾಣಿಸಿತು: 'ದೆನ್ ಶೀ ಸಾ ಎ ಕೌ ಈಟಿಂಗ್ ದ ಫ್ಲವರ್ಸ್'. ಗದರಿಸಿ, ಅದು ಹೊರಗೆ ಹೋಗುವವರೆಗೂ ನೋಡುತ್ತಾ ನಿಂತರು. ಚಲಿಸುತ್ತಿರುವ ಹಸು, ಹೋಗುವುದೋ ಇಲ್ಲವೋ ಎಂಬ ನಿರೀಕ್ಷೆ, ಕೆಲವು ಕ್ಷಣಗಳ ಅವಧಿ ಮೂರೂ ಇಲ್ಲಿರುವುದರಿಂದ 'ಶೀ ವಾಚ್ಡ್ ಇಟ್ ಅಂಟಿಲ್ ಇಟ್ ವೆಂಟ್ ಔಟ್'.

== ಕನ್ನಡದ ಒರೆಗಲ್ಲು ಸಲ್ಲದ ಕಡೆಗಳು ==

'ನನಗೆ–ನಾನು' ಪರೀಕ್ಷೆಗೆ ಮಿತಿಗಳಿವೆ. 'ಅವರು ಊರಿಗೆ ಬಂದಿದ್ದಾರೆಂದು ಕೇಳಿದೆ' ಎಂಬಲ್ಲಿ 'ನನಗೆ' ಇಲ್ಲ. ಆದರೂ ಸುದ್ದಿ ತಾನಾಗಿ ಕಿವಿಗೆ ಬಿದ್ದಿರುವುದರಿಂದ ಇಂಗ್ಲಿಷಿನಲ್ಲಿ 'ಐ ಹರ್ಡ್' ಎಂದೇ ಆಗಬೇಕು. 'ನಾನು ಅವನನ್ನು ಕೇಳಿದೆ' ಎಂಬುದು ಪ್ರಶ್ನೆಯಾದ್ದರಿಂದ ಅಲ್ಲಿ ಹಿಯರ್ ಕೂಡ ಅಲ್ಲ, ಲಿಸನ್ ಕೂಡ ಅಲ್ಲ, 'ಆಸ್ಕ್'. 'ಮಗ ತಾಯಿಯ ಮಾತು ಕೇಳುವುದಿಲ್ಲ' ಎಂಬಲ್ಲಿ ಮಗನ ಕಿವಿ ಚೆನ್ನಾಗಿಯೇ ಇದೆ; ಅವನು ಮಾತಿಗೆ ಬೆಲೆ ಕೊಡುತ್ತಿಲ್ಲ. ಅದು 'ಹಿ ಡಸ್ನ್ಟ್ ಲಿಸನ್ ಟು ಹಿಸ್ ಮದರ್'.

ಕಣ್ಣಿನ ಪದಗಳಲ್ಲಿ ಹೆಚ್ಚು ಎಡವಿಸುವುದು 'ಕಾಣು'. 'ನೀವು ದಣಿದಂತೆ ಕಾಣುತ್ತೀರಿ' ಎಂಬುದನ್ನು ಪರೀಕ್ಷೆಯ ಪ್ರಕಾರ 'ಸೀ' ಎಂದು ತಿಳಿಯಬಹುದು. ಆದರೆ ಇಲ್ಲಿ ನೋಡುವವನ ಮಾತಿಲ್ಲ, ನೋಡಿಸಿಕೊಳ್ಳುವವನ ತೋರಿಕೆಯ ಮಾತಿದೆ. ಇದಕ್ಕೆ ಇಂಗ್ಲಿಷಿನಲ್ಲಿ 'ಲುಕ್' ಬರುತ್ತದೆ, 'ಅಟ್' ಬರುವುದಿಲ್ಲ: 'ಯು ಲುಕ್ ಟೈಯರ್ಡ್'. ವೈದ್ಯರನ್ನು 'ಕಾಣುವುದು' ಮಾತ್ರ ಅದೃಷ್ಟವಶಾತ್ ಎರಡು ಭಾಷೆಗಳಲ್ಲೂ ಒಂದೇ. 'ಸೀ ಎ ಡಾಕ್ಟರ್' ಎಂದರೆ ಭೇಟಿಯಾಗಿ ತೋರಿಸಿಕೊಳ್ಳುವುದು. ಈ ಅರ್ಥದಲ್ಲಿ 'ಐ ಆ್ಯಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ' ಎಂಬ '-ಇಂಗ್' ರೂಪವೂ ಸರಿಯೇ, ಏಕೆಂದರೆ ಭೇಟಿಯಾಗುವುದು ಒಂದು ಕೆಲಸ. 'ತಿಂದು ನೋಡು', 'ಕೇಳಿ ನೋಡು' ಎಂಬಲ್ಲಿ ಕಣ್ಣಿಗೆ ಕೆಲಸವೇ ಇಲ್ಲದಿರುವುದರಿಂದ ಅವುಗಳಿಗೆ 'ಟ್ರೈ' ಎಂಬ ಬೇರೆಯೇ ಕ್ರಿಯಾಪದ ಬೇಕಾಗುತ್ತದೆ.