ಮಿಸ್, ಅವಳಿಗೆ ಲೋ ಆದಾಗ

ಟೈಪ್ 1 ಮಧುಮೇಹ ಇರುವ ಮಗುವನ್ನು ಶಾಲೆಗೆ ಕಳಿಸುವ ತಾಯಿ ವರ್ಷದ ಮೊದಲಲ್ಲಿ ಕ್ಲಾಸ್ ಟೀಚರಿಗೆ ಒಂದು ಪತ್ರ ಬರೆದು ಕೊಡಬೇಕು ಎಂದು ಡಾಕ್ಟರು ಹೇಳುತ್ತಾರೆ. ಬರೆಯಲು ಕೂತಾಗ ಕಾಯಿಲೆಯ ಕಥೆಯೆಲ್ಲ ಮೊದಲು ಬರುತ್ತದೆ. ಯಾವಾಗ ಗೊತ್ತಾಯಿತು, ಎಷ್ಟು ದಿನ ಆಸ್ಪತ್ರೆಯಲ್ಲಿದ್ದಳು, ಸಿಹಿ ತಿಂದದ್ದಕ್ಕೆ ಬಂದ ಕಾಯಿಲೆ ಇದಲ್ಲ ಎಂಬ ವಿವರಣೆ. ಕೊನೆಯ ಪುಟದ ಕೊನೆಯಲ್ಲಿ, ಸಹಿಯ ಸ್ವಲ್ಪ ಮೇಲೆ, ಶುಗರ್ ಇಳಿದರೆ ಏನು ಮಾಡಬೇಕು ಎಂಬುದು ಸಿಕ್ಕಿಕೊಂಡಿರುತ್ತದೆ. ನಲವತ್ತು ಮಕ್ಕಳ ಗಲಾಟೆಯ ನಡುವೆ ಒಂದು ಮಗು ಬೆವರಿ ಡೆಸ್ಕಿಗೆ ತಲೆಯಿಟ್ಟಾಗ ಟೀಚರಿಗೆ ಆ ಕೊನೆಯ ಪುಟ ನೆನಪಾಗುವುದು ಕಷ್ಟ. ಆದ್ದರಿಂದ ಪತ್ರವನ್ನು ತಲೆಕೆಳಗಾಗಿ ಬರೆಯಬೇಕು ಎಂದು ನನ್ನ ಅಭಿಪ್ರಾಯ.

ನಾಲ್ಕನೇ ತರಗತಿಯ, 28 ಕೆ.ಜಿ. ತೂಕದ ಒಬ್ಬ ಹುಡುಗಿಯ ತಾಯಿ ಬರೆದಳು ಎಂದಿಟ್ಟುಕೊಂಡರೆ ಅಂಥ ಪತ್ರ ಹೀಗೆ ಶುರುವಾಗಬಹುದು:

“ನಮಸ್ಕಾರ ಮಿಸ್. ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್ ಇದೆ, ಪ್ರತಿ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು. ಅದನ್ನು ಚುಚ್ಚುವ ಕೆಲಸ ನಿಮ್ಮದಲ್ಲ. ಮಧ್ಯಾಹ್ನ ನಾನೇ ಬಂದು ಕೊಟ್ಟು ಹೋಗುತ್ತೇನೆ. ನಿಮ್ಮಿಂದ ಬೇಕಾದ್ದು ಒಂದೇ. ಅವಳ ಶುಗರ್ 70ಕ್ಕಿಂತ ಕೆಳಗೆ ಇಳಿದಾಗ, ನಾವು ಅದಕ್ಕೆ ಲೋ ಅನ್ನುತ್ತೇವೆ, ತಡಮಾಡದೆ ಅವಳ ಹೊಟ್ಟೆಗೆ ಸಕ್ಕರೆ ಹೋಗಬೇಕು. ಅವಳ ಬ್ಯಾಗಿನ ಮುಂದಿನ ಜೇಬಿನಲ್ಲಿ ಒಂದು ಹಳದಿ ಡಬ್ಬಿ ಇದೆ. ಬೇಕಾದ್ದೆಲ್ಲ ಅದರಲ್ಲೇ ಇದೆ.”

ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆಯೇ ಎಂದು ಟೀಚರು ಹಿಂದೆಮುಂದೆ ನೋಡುವುದು ಸಹಜ. ಮನೆಯಲ್ಲಿ ಅಜ್ಜ ಸಪ್ಪೆ ಕಾಫಿ ಕುಡಿಯುವುದನ್ನು ನೋಡಿ ಬೆಳೆದವರು ನಾವು. ಆದರೆ ಈ ಮಗುವಿನ ಕಥೆ ಬೇರೆ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕಣಗಳನ್ನು ಅವಳ ದೇಹದ ರೋಗನಿರೋಧಕ ಶಕ್ತಿಯೇ ನಾಶಮಾಡಿದೆ. ನಮ್ಮ ನಿಮ್ಮ ದೇಹದಲ್ಲಿ ರಕ್ತದ ಸಕ್ಕರೆ ಇಳಿಯುತ್ತ ಬಂದರೆ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ತಾನಾಗಿ ನಿಲ್ಲಿಸುತ್ತದೆ. ಅವಳದ್ದು ಚುಚ್ಚಿಕೊಂಡ ಇನ್ಸುಲಿನ್. ಒಮ್ಮೆ ಒಳಗೆ ಹೋದ ಮೇಲೆ ಅದನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಬೆಳಿಗ್ಗೆ ಎಂಟಕ್ಕೆ ನಾಲ್ಕು ಇಡ್ಲಿಗೆಂದು ಲೆಕ್ಕಹಾಕಿ ಚುಚ್ಚಿದ್ದು ಮೂರು-ನಾಲ್ಕು ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಶಾಲೆಯ ವ್ಯಾನ್ ಬಂತೆಂದು ಅವಳು ಎರಡೇ ಇಡ್ಲಿ ತಿಂದು ಎದ್ದರೂ, ಪಿ.ಟಿ. ಪೀರಿಯಡ್ಡಿನಲ್ಲಿ ಖೋಖೋ ಆಡಿ ಓಡಿದರೂ, ಆ ಇನ್ಸುಲಿನ್‌ಗೆ ಗೊತ್ತಾಗುವುದಿಲ್ಲ. ಲೋ ಆಗುವುದು ಹೀಗೆ. ಮೇಲೆ ಹೋದ ಶುಗರ್ ಮನೆಗೆ ಬರುವವರೆಗೆ ಕಾಯಬಹುದಾದ ಸಂದರ್ಭಗಳೇ ಹೆಚ್ಚು. ಕೆಳಗೆ ಇಳಿದದ್ದು ಮುಂದಿನ ಪೀರಿಯಡ್ಡಿನವರೆಗೂ ಕಾಯುವುದಿಲ್ಲ.

ಇಳಿದಾಗ ಮೊದಲು ಮಂಕಾಗುವುದು ಮಿದುಳು, ಏಕೆಂದರೆ ಅದಕ್ಕೆ ಗ್ಲುಕೋಸ್ ಬಿಡದೆ ಬರುತ್ತಿರಬೇಕು. ಅಂದರೆ ‘ನನಗೆ ಲೋ ಆಗಿದೆ’ ಎಂದು ಹೇಳಬೇಕಾದ ಬುದ್ಧಿಯೇ ಆ ಹೊತ್ತಿಗೆ ಕೈಕೊಟ್ಟಿರುತ್ತದೆ. ಇದೇ ಕಾರಣಕ್ಕೆ ಪತ್ರದ ಮುಂದಿನ ಭಾಗ ಪುಸ್ತಕದಿಂದ ನಕಲು ಮಾಡಿದ ಲಕ್ಷಣಗಳ ಪಟ್ಟಿಯಾದರೆ ಉಪಯೋಗವಿಲ್ಲ. ತನ್ನ ಮಗು ಹೇಗೆ ಕಾಣುತ್ತದೆ ಎಂಬುದನ್ನು ತಾಯಿಯೇ ಬರೆಯಬೇಕು:

“ಅವಳಿಗೆ ಲೋ ಆದಾಗ ಮೇಲ್ದುಟಿಯ ಮೇಲೆ, ಹಣೆಯ ಮೇಲೆ ಬೆವರು ಮೂಡುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಕೈ ನಡುಗುತ್ತದೆ. ಬರೆಯುತ್ತಿದ್ದರೆ ಅಕ್ಷರ ಗೆರೆ ಬಿಟ್ಟು ಇಳಿಯುತ್ತದೆ. ಮಾತುಗಾತಿ ಸುಮ್ಮನಾಗುತ್ತಾಳೆ, ಇಲ್ಲವೇ ರಬ್ಬರ್ ಕೇಳಿದ್ದಕ್ಕೆ ಪಕ್ಕದವಳ ಮೇಲೆ ರೇಗಿ ಅಳುತ್ತಾಳೆ. ಅದನ್ನು ಹಟ ಅಂದುಕೊಳ್ಳಬೇಡಿ, ಮೊದಲು ಶುಗರ್ ನೋಡಿ. ಅವಳನ್ನು ಒಬ್ಬಳನ್ನೇ ಆಫೀಸಿಗಾಗಲಿ, ಟಾಯ್ಲೆಟ್ಟಿಗಾಗಲಿ, ನೀರು ಕುಡಿದು ಬಾ ಎಂದಾಗಲಿ ಕಳಿಸಬೇಡಿ. ಡಬ್ಬಿ ಅವಳ ಹತ್ತಿರ ಬರಬೇಕೇ ಹೊರತು ಅವಳು ಡಬ್ಬಿಯ ಹತ್ತಿರ ಹೋಗಬಾರದು.”

ಈ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆಯಬೇಕು. ‘ಮೆಡಿಸಿನ್ ಎಲ್ಲ ಆಫೀಸಿನಲ್ಲಿರಲಿ’ ಎಂದು ಬೀಗ ಹಾಕಿಡುವ ಶಾಲೆಗಳಿವೆ. ಶಿಸ್ತಿಗೆ ಅದು ಸರಿ. ಲೋ ಆದ ಮಗು ಎರಡು ಮಹಡಿ ಇಳಿದು ಬೀಗದ ಕೈಗೆ ಕಾಯುವುದು ಸರಿಯಲ್ಲ.

ಇನ್ನು ಪರೀಕ್ಷೆ. ಡಬ್ಬಿಯಲ್ಲಿ ಗ್ಲುಕೋಮೀಟರ್, ಸ್ಟ್ರಿಪ್ಪುಗಳ ಬಾಟ್ಲಿ, ಬೆರಳು ಚುಚ್ಚುವ ಪೆನ್ನು, ಬಳಸಿದ ಸೂಜಿ ಹಾಕಲು ಗಟ್ಟಿ ಮುಚ್ಚಳದ ಒಂದು ಪುಟ್ಟ ಬಾಟ್ಲಿ ಇರುತ್ತವೆ. ಈ ವಯಸ್ಸಿನ ಹುಡುಗಿ ಚುಚ್ಚಿಕೊಳ್ಳುವುದನ್ನು ಕಲಿತಿರುತ್ತಾಳೆ, ಟೀಚರು ಪಕ್ಕದಲ್ಲಿ ನಿಂತರೆ ಸಾಕು. ಬೆರಳಿನ ತುದಿಯ ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚಬೇಕು, ನೋವು ಕಡಿಮೆ. ಮೀಟರಿನಲ್ಲಿ ಸಿಕ್ಕಿಸಿದ ಸ್ಟ್ರಿಪ್ಪಿನ ತುದಿಗೆ ಹನಿ ರಕ್ತ ತಾಗಿಸಿದರೆ ಕೆಲವೇ ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ತಪ್ಪಾಗುವುದು ಇದಕ್ಕೂ ಮೊದಲು, ಕೈ ತೊಳೆಯದೆ ಇದ್ದಾಗ. ಯಾರದೋ ಹುಟ್ಟುಹಬ್ಬದ ಚಾಕಲೇಟೋ, ಮಾವಿನಹಣ್ಣಿನ ರಸವೋ ಬೆರಳಿಗೆ ಅಂಟಿದ್ದರೆ ಆ ಸಕ್ಕರೆಯೂ ಹನಿಯಲ್ಲಿ ಸೇರಿ, ನಿಜವಾಗಿ 60 ಇದ್ದದ್ದು 140 ಎಂದು ತೋರಿಸಿಬಿಡಬಹುದು. ಮೀಟರ್ ಚೆನ್ನಾಗಿದೆ ಅನ್ನುತ್ತದೆ, ಮಗು ನಡುಗುತ್ತಿರುತ್ತದೆ. ಆಗ ಕೈ ತೊಳೆಸಿ, ಪೂರ್ತಿ ಒರೆಸಿ, ಇನ್ನೊಮ್ಮೆ ನೋಡಬೇಕು. ಪತ್ರದಲ್ಲಿ ತಾಯಿ ಇಷ್ಟನ್ನು ಸೇರಿಸಬೇಕು: “ಮೀಟರ್ ಕೆಟ್ಟಿದ್ದರೆ, ಸ್ಟ್ರಿಪ್ ಮುಗಿದಿದ್ದರೆ, ನಿಮಗೆ ಅನುಮಾನವಿದ್ದರೆ, ಸಕ್ಕರೆ ಕೊಟ್ಟುಬಿಡಿ. ಬೇಡದಾಗ ಕೊಟ್ಟ ಒಂದು ಪೊಟ್ಟಣದಿಂದ ಅವಳಿಗೆ ಏನೂ ಆಗುವುದಿಲ್ಲ. ಬೇಕಾದಾಗ ಕೊಡದಿದ್ದರೆ ಆಗುತ್ತದೆ.”

ಆ ಪೊಟ್ಟಣದ ಮಾತಿಗೆ ಬರೋಣ. ದೊಡ್ಡವರಿಗೆ ಹೇಳುವ ಲೆಕ್ಕ 15 ಗ್ರಾಂ ಸಕ್ಕರೆ, 15 ನಿಮಿಷ ಕಾಯುವುದು, ಮತ್ತೆ ನೋಡುವುದು. ಮಕ್ಕಳಿಗೆ ತೂಕ ನೋಡಿ, ಪ್ರತಿ ಕೆ.ಜಿ.ಗೆ 0.3 ಗ್ರಾಂ. ನಮ್ಮ ಹುಡುಗಿಗೆ 28ರಿಂದ ಗುಣಿಸಿದರೆ ಎಂಟೂವರೆ ಗ್ರಾಂ, ಹತ್ತು ಎಂದಿಟ್ಟುಕೊಂಡರೆ ಸುಲಭ. ಗಾಬರಿಯಲ್ಲಿ ಚಮಚದ ಲೆಕ್ಕ ಯಾರಿಗೂ ಸಿಗುವುದಿಲ್ಲ, ಒಬ್ಬರ ಚಮಚ ಇನ್ನೊಬ್ಬರ ಚಮಚದಷ್ಟಿರುವುದೂ ಇಲ್ಲ. ಮೆಡಿಕಲ್ ಶಾಪಿನ ಗ್ಲುಕೋಸ್ ಪುಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಹತ್ತು ಗ್ರಾಂ ತೂಗಿ, ಪುಟ್ಟ ಪ್ಲಾಸ್ಟಿಕ್ ಕವರುಗಳಿಗೆ ತುಂಬಿ, ಆರು ಪೊಟ್ಟಣ ಡಬ್ಬಿಗೆ ಹಾಕಿಟ್ಟರೆ ಟೀಚರು ಅಳೆಯುವುದು ಏನೂ ಉಳಿಯುವುದಿಲ್ಲ. ಒಂದನ್ನು ಅರ್ಧ ಲೋಟ ನೀರಿಗೆ ಸುರಿದು ಕುಡಿಸಿದರಾಯಿತು. ಗ್ಲುಕೋಸ್ ಇಲ್ಲದಿದ್ದರೆ ಮನೆಯ ಸಕ್ಕರೆಯೂ ಆಗುತ್ತದೆ.

ಶಾಲೆಯಲ್ಲಿ ಕೈಗೆ ಸಿಗುವ ಸಿಹಿಯೆಲ್ಲ ಆಗುವುದಿಲ್ಲ ಎಂಬುದನ್ನೂ ಬರೆಯಬೇಕು. ಚಿಕ್ಕಿಯಲ್ಲಿ ಬೆಲ್ಲವಿದೆ ನಿಜ, ಆದರೆ ಶೇಂಗಾದ ಎಣ್ಣೆಯಂಶ ಹೊಟ್ಟೆಯಿಂದ ಸಕ್ಕರೆ ಮುಂದಕ್ಕೆ ಹೋಗುವುದನ್ನು ತಡಮಾಡುತ್ತದೆ. ಚಾಕಲೇಟಿನದ್ದೂ ಅದೇ ತಕರಾರು. ಕ್ಷೀರಭಾಗ್ಯದ ಹಾಲು, ಬಿಸ್ಕತ್ತು ಆಮೇಲಿಗೆ ಒಳ್ಳೆಯವು, ಆ ಗಳಿಗೆಗಲ್ಲ. ಶುಗರ್‌ಫ್ರೀ ಎಂದು ಬರೆದ ಜ್ಯೂಸಂತೂ ಬರೀ ನೀರು ಕುಡಿಸಿದಂತೆ.

ಒಂದು ದಿನದ ಉದಾಹರಣೆಯನ್ನೂ ಬರೆದು ಕೊಟ್ಟರೆ ಟೀಚರಿಗೆ ಧೈರ್ಯ ಬರುತ್ತದೆ:

“ಬುಧವಾರ ಪಿ.ಟಿ. ಮುಗಿಸಿ ಬಂದಿದ್ದಾಳೆ ಅಂದುಕೊಳ್ಳಿ. 11.45ಕ್ಕೆ ಬೆವರಿದ್ದಾಳೆ, ಮೀಟರ್ 58 ತೋರಿಸಿತು. ಒಂದು ಪೊಟ್ಟಣ ಕುಡಿಸಿ, ಕೂತಲ್ಲೇ ಕೂರಿಸಿ. 12 ಗಂಟೆಗೆ ಮತ್ತೆ ನೋಡಿ. 67 ಬಂತು, ಏರಿದೆ, ಆದರೆ 70 ದಾಟಿಲ್ಲ. ಇನ್ನೊಂದು ಪೊಟ್ಟಣ. 12.15ಕ್ಕೆ 104. ಈಗ ಸರಿಯಾಯಿತು. ಊಟದ ಬೆಲ್ಲಿಗೆ ಇನ್ನೂ ಅರ್ಧ ಗಂಟೆ ಇರುವುದರಿಂದ ಡಬ್ಬಿಯಲ್ಲಿರುವ ಎರಡು ಬಿಸ್ಕತ್ತು ತಿನ್ನಿಸಿ. ನನಗೊಂದು ಮೆಸೇಜ್ ಹಾಕಿ, ಯಾಕೆಂದರೆ ಮಧ್ಯಾಹ್ನದ ಇನ್ಸುಲಿನ್ ಎಷ್ಟು ಕೊಡಬೇಕೆಂದು ನಾನು ಅದನ್ನು ನೋಡಿಯೇ ತೀರ್ಮಾನಿಸುವುದು.”

ಇದರಲ್ಲಿ ಕಷ್ಟದ ಭಾಗ ಆ ಹದಿನೈದು ನಿಮಿಷ. ಕುಡಿಸಿದ ಐದನೇ ನಿಮಿಷಕ್ಕೂ ಮಗು ನಡುಗುತ್ತಲೇ ಇರುತ್ತದೆ, ಇನ್ನೊಂದು ಕೊಡೋಣ, ಮತ್ತೊಂದು ಕೊಡೋಣ ಅನ್ನಿಸುತ್ತದೆ. ಹಾಗೆ ನಾಲ್ಕು ಪೊಟ್ಟಣ ಹೋದರೆ ಸಂಜೆ ಹೊತ್ತಿಗೆ ಶುಗರ್ 300 ದಾಟಿ ಬೇರೆ ತೊಂದರೆ. ಕೆಲವು ಮಕ್ಕಳ ತೋಳಿಗೆ ಸೆನ್ಸರ್ ಅಂಟಿಸಿರುತ್ತಾರೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹಾಗಾಗಿ ರಕ್ತದಲ್ಲಿ ಸಕ್ಕರೆ ಏರಿದ ಮೇಲೂ ಹತ್ತು-ಹದಿನೈದು ನಿಮಿಷ ಅದು ಹಳೆಯ ಲೋ ಅಂಕಿಯನ್ನೇ ತೋರಿಸುತ್ತಿರಬಹುದು. ಸಕ್ಕರೆ ಕೊಟ್ಟ ಮೇಲೆ ಬೆರಳು ಚುಚ್ಚಿ ನೋಡಿದ್ದನ್ನೇ ನಂಬಬೇಕು. ಇನ್ನೊಂದು ವಿಷಯ: ಮೀಟರ್ 104 ಅಂದ ಕೂಡಲೇ ಮಿದುಳು ಚುರುಕಾಗುವುದಿಲ್ಲ. ಅರ್ಧ-ಮುಕ್ಕಾಲು ಗಂಟೆ ಮಗು ಮಂಕಾಗಿ, ತಲೆನೋವು ಎನ್ನುತ್ತ ಕೂರಬಹುದು. ಆ ಹೊತ್ತಿನಲ್ಲಿ ಕೊಟ್ಟ ಗಣಿತದ ಟೆಸ್ಟಿನ ಅಂಕ ಅವಳ ಗಣಿತದ್ದಲ್ಲ.

ತೀರಾ ಅಪರೂಪದ, ಆದರೆ ಬರೆಯದೆ ಬಿಡಬಾರದ ಭಾಗವನ್ನು ಬೇರೆ ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ ಬರೆಯುವುದು ಒಳ್ಳೆಯದು:

“ಅವಳಿಗೆ ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ ಅಥವಾ ನುಂಗಲು ಆಗದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ. ಉಸಿರಿನ ದಾರಿಗೆ ಹೋಗುತ್ತದೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ‘ಟೈಪ್ 1 ಡಯಾಬಿಟಿಸ್, ಶುಗರ್ ಲೋ’ ಎಂದು ಹೇಳಿ. ಆಮೇಲೆ ನನಗೆ ಮಾಡಿ. ಇನ್ಸುಲಿನ್ ಮಾತ್ರ ಕೊಡಲೇಬಾರದು.”

ಈ ಸ್ಥಿತಿಗೆ ಗ್ಲುಕಗಾನ್ ಎಂಬ ಇಂಜೆಕ್ಷನ್ ಇದೆ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ನಮ್ಮಲ್ಲಿ ಎಲ್ಲ ಮೆಡಿಕಲ್ ಶಾಪುಗಳಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಮನೆಯಲ್ಲಿದ್ದರೆ, ಶಾಲೆಯವರು ಒಪ್ಪಿದರೆ, ಡಾಕ್ಟರ ಹತ್ತಿರ ಕೊಡುವ ಕ್ರಮ ತೋರಿಸಿಕೊಂಡು ಡಬ್ಬಿಗೆ ಸೇರಿಸಬಹುದು.

ಇಷ್ಟೆಲ್ಲ ಕೇಳಲು ತಾಯಿ ಕೈಮುಗಿದು ನಿಲ್ಲಬೇಕಿಲ್ಲ. ಟೈಪ್ 1 ಮಧುಮೇಹದ ಮಕ್ಕಳಿಗೆ ಶಾಲೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ಡಾಕ್ಟರ ಸಲಹೆಯಂತೆ ಕ್ಲಾಸಿನ ಮಧ್ಯೆ ತಿನ್ನಲು ಅವಕಾಶ ಕೊಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಸಿ.ಬಿ.ಎಸ್.ಇ. 2017ರಲ್ಲೇ ಇಂಥ ಮಕ್ಕಳು ಬೋರ್ಡ್ ಪರೀಕ್ಷೆಯ ಹಾಲಿಗೆ ಸಿಹಿ, ಹಣ್ಣು, ನೀರು ಒಯ್ಯಬಹುದೆಂದು ಹೇಳಿತ್ತು.

ಪತ್ರ ಮುಗಿಯುವುದು ಹೀಗೆ: “ಪ್ರತಿ ಸೋಮವಾರ ಡಬ್ಬಿ ತೆರೆದು ಪೊಟ್ಟಣ, ಬಿಸ್ಕತ್ತು, ಸ್ಟ್ರಿಪ್ಪಿನ ತಾರೀಖು ನೋಡಿ ತುಂಬಿಸುವುದು ನನ್ನ ಕೆಲಸ. ನೀವು ರಜೆಯಲ್ಲಿರುವ ದಿನ ಬರುವ ಟೀಚರಿಗೂ ಸಿಗಲೆಂದು ಈ ಪತ್ರದ ಒಂದು ಪ್ರತಿ ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿ, ಒಂದನ್ನು ಪಿ.ಟಿ. ಸರ್‌ಗೆ ಕೊಡಿ. ಆಟದಿಂದ ಅವಳನ್ನು ಕೂರಿಸಬೇಡಿ ಎಂದು ಅವರಿಗೆ ಹೇಳಿ. ಆಡುವ ಮುಂಚೆ ಒಮ್ಮೆ ಶುಗರ್ ನೋಡಿಕೊಳ್ಳಲಿ, ಡಬ್ಬಿ ಮೈದಾನಕ್ಕೆ ಬರಲಿ, ಅಷ್ಟು ಸಾಕು.”