ಅಜ್ಜಿ ಧಾರವಾಡದಲ್ಲಿ, ಮೊಮ್ಮಗ ಮೈಸೂರಿನಲ್ಲಿ

ಕಾರ್ಟೂನಿನ ಕರಡಿಮರಿಯೊಂದು ಉರಿಯುವ ದೀಪಕ್ಕೆ ಕೈ ಚಾಚುತ್ತದೆ. ಅಜ್ಜಿ ಕರಡಿ ಗಾಬರಿಯಿಂದ ಕೂಗುತ್ತದೆ. ಮರಿ ತಿರುಗಿ ಕೂಡ ನೋಡದೆ ಏನೋ ಸಬೂಬು ಹೇಳುತ್ತದೆ. ಪರದೆಯ ಮೇಲೆ ಇದು ಐದು ಸೆಕೆಂಡಿನ ಮಾತುಕತೆ. ಇಂಥ ದೃಶ್ಯ ಕನ್ನಡಕ್ಕೆ ಡಬ್ ಆಗುವಾಗ ಅಜ್ಜಿಗೆ ದನಿ ಕೊಡುವ ಕಲಾವಿದೆ ಧಾರವಾಡದ ತಮ್ಮ ಮನೆಯಲ್ಲಿ, ಮರಿಗೆ ದನಿ ಕೊಡುವವರು ಮೈಸೂರಿನಲ್ಲಿ, ಇಬ್ಬರಿಗೂ ಹೇಳಿಕೊಡುವ ನಿರ್ದೇಶಕಿ ಬೆಂಗಳೂರಿನಲ್ಲಿ ಇರಬಹುದು. ಮೂವರ ನಡುವೆ ಇರುವುದು ಇಂಟರ್‌ನೆಟ್ ಮತ್ತು ಒಂದು ಹಾಳೆ ಸಂಭಾಷಣೆ.

ದನಿ ಕೊಡುವವರು ಒಂದೇ ಕಡೆ ಸೇರಬೇಕೆಂಬ ಹಟ ಕೆಲವು ನಿರ್ದೇಶಕರಿಗೆ ಇದೆ. 2009ರ ‘ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್’ ಚಿತ್ರಕ್ಕೆ ವೆಸ್ ಆಂಡರ್ಸನ್ ನಟರನ್ನು ಸ್ಟುಡಿಯೊ ಬಿಡಿಸಿ, ಅಮೆರಿಕದ ಹೊಲಮನೆಯೊಂದಕ್ಕೆ ಕರೆದೊಯ್ದು ಬಯಲಿನಲ್ಲೇ ದನಿಮುದ್ರಣ ಮಾಡಿಸಿದರು. 2020ರ ಲಾಕ್‌ಡೌನ್ ಬೇರೆಯ ದಾರಿಯನ್ನು ಅನಿವಾರ್ಯವಾಗಿಸಿತು. ಜಪಾನಿ ಕಾರ್ಟೂನುಗಳನ್ನು ಇಂಗ್ಲಿಷಿಗೆ ಡಬ್ ಮಾಡುತ್ತಿದ್ದ ಅಮೆರಿಕದ ಫ್ಯೂನಿಮೇಷನ್ ಸಂಸ್ಥೆ ಆ ಮಾರ್ಚ್‌ನಲ್ಲಿ ಡಬ್ಬಿಂಗ್ ನಿಲ್ಲಿಸಿ, ಕೆಲವೇ ವಾರಗಳಲ್ಲಿ ಕಲಾವಿದರ ಮನೆಗಳಿಂದಲೇ ಮತ್ತೆ ಶುರು ಮಾಡಿತು. ಬಟ್ಟೆ ತುಂಬಿದ ಕಪಾಟುಗಳೇ ಅನೇಕರ ಸ್ಟುಡಿಯೊ ಆದವು. ನೇತುಹಾಕಿದ ಬಟ್ಟೆ ದನಿಯನ್ನು ಹೀರಿಕೊಂಡು ಗೋಡೆಯ ಮಾರ್ದನಿ ತಡೆಯುತ್ತದೆ.

ಜಾಗದ ಸಮಸ್ಯೆ ಹೀಗೆ ಬಗೆಹರಿಯಿತು. ಉಳಿದದ್ದು ಸಮಯದ ಸಮಸ್ಯೆ. ಅದೇ ಹೆಚ್ಚು ಕಠಿಣ.

ಭಾರತದ ಟಿವಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು, ಅಂದರೆ ಫ್ರೇಮ್‌ಗಳು ಓಡುತ್ತವೆ. ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಮಾತು ತುಟಿಗೆ ಎಷ್ಟು ಹೊಂದಬೇಕೆಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಒಂದು ಅಳತೆಯಿದೆ: ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುಗರಿಗೆ ಗೊತ್ತಾಗುತ್ತದೆ, ತಡವಾದರೆ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವ ಲೋಕದಲ್ಲಿ ಬದುಕುವ ಕಿವಿಗೆ ತಡವಾದ ಸದ್ದು ಸಹಜ. ಮುಂಚೆ ಬಂದ ಸದ್ದನ್ನು ಅದು ಒಪ್ಪುವುದಿಲ್ಲ. ಆದ್ದರಿಂದ ಒಂದು ಫ್ರೇಮ್ ಮುಂದಾದರೆ ಅಪಾಯ, ಎರಡು ಫ್ರೇಮ್ ಹಿಂದಾದರೆ ನಡೆಯುತ್ತದೆ.

ಇಷ್ಟು ಸೂಕ್ಷ್ಮವಾದ ಅಳತೆಯನ್ನು ಇಂಟರ್‌ನೆಟ್‌ನಲ್ಲಿ ಕೇಳಿ ತೀರ್ಮಾನಿಸಲು ಆಗುವುದಿಲ್ಲ. ಮಾಮೂಲಿ ವಿಡಿಯೊ ಕರೆಯಲ್ಲಿ ಧಾರವಾಡದ ದನಿ ಬೆಂಗಳೂರಿಗೆ 150 ಮಿಲಿಸೆಕೆಂಡ್ ತಡವಾಗಿ ಬಂದರೂ ಸುಮಾರು ನಾಲ್ಕು ಫ್ರೇಮ್ ಹೋಯಿತು. ಆ ತಡವೂ ಒಂದೇ ಸಮ ಇರುವುದಿಲ್ಲ, ಸಂಪರ್ಕ ಏರಿಳಿದಂತೆ ಬದಲಾಗುತ್ತದೆ. ನಿರ್ದೇಶಕಿ ತಮ್ಮ ಪರದೆಯಲ್ಲಿ ಚಿತ್ರ ಓಡಿಸಿಕೊಂಡು, ಕಿವಿಯಲ್ಲಿ ಕಲಾವಿದೆಯ ದನಿ ಕೇಳುತ್ತಾ ‘ಲೇಟಾಯ್ತು’ ಎಂದರೆ ತಡವಾದದ್ದು ಕಲಾವಿದೆಯೋ ಕೇಬಲ್ಲೋ ಹೇಳುವಂತಿಲ್ಲ. ಬಳಗಿದ ನಿರ್ದೇಶಕರು ಈ ಎರಡು ಕೆಲಸಗಳನ್ನು ಬೇರೆ ಮಾಡುತ್ತಾರೆ. ಟೇಕ್ ನಡೆಯುವಾಗ ಕಣ್ಣು ಮುಚ್ಚಿಕೊಂಡಾದರೂ ಅಭಿನಯವನ್ನಷ್ಟೇ ಕೇಳುತ್ತಾರೆ. ಸಿಂಕ್ ನೋಡುವುದು ಆಮೇಲೆ, ಕಲಾವಿದೆಯ ಕಂಪ್ಯೂಟರಿನಲ್ಲೇ ಮುದ್ರಣವಾದ ಫೈಲು ಕೈಸೇರಿ, ಎಂಜಿನಿಯರ್ ಅದನ್ನು ಚಿತ್ರದ ಕೆಳಗೆ ಕೂರಿಸಿದ ಮೇಲೆ.

ಇದಕ್ಕಾಗಿಯೇ ದೃಶ್ಯದ ವಿಡಿಯೊವನ್ನು ಮೊದಲೇ ಕಲಾವಿದರಿಗೆ ಕಳಿಸಿರುತ್ತಾರೆ. ಅದು ಅವರ ಕಂಪ್ಯೂಟರಿನಲ್ಲೇ ಓಡಬೇಕು. ಕರೆಯಲ್ಲಿ ಹಂಚಿಕೊಂಡ ಪರದೆಯನ್ನು ನೋಡಿ ಮಾತಾಡಿದರೆ ಅಲ್ಲಿಯೂ ತಡ ಸೇರಿಕೊಳ್ಳುತ್ತದೆ. ಮುದ್ರಣವೂ ಅಲ್ಲೇ, ಸಾಮಾನ್ಯವಾಗಿ 48 ಕಿಲೋಹರ್ಟ್ಜ್, 24 ಬಿಟ್. ಯಾರಾದರೂ ಸೆಟ್ಟಿಂಗ್ ಮರೆತು 44.1ರಲ್ಲಿ ಮುದ್ರಿಸಿ, ಆ ಫೈಲನ್ನು ಪರಿವರ್ತಿಸದೆ 48ರ ಲೆಕ್ಕದಲ್ಲಿ ಓಡಿಸಿದರೆ ಮಾತು ಸುಮಾರು ಶೇ 8ರಷ್ಟು ಬೇಗ ಮುಗಿಯುತ್ತದೆ, ಅಜ್ಜಿಯ ದನಿ ಎಳೆಯದಾಗುತ್ತದೆ. ದನಿ ತೆಳುವಾಗಿದೆ, ಸಾಲು ಬೇಗ ಮುಗಿದಿದೆ ಎಂಬ ಎರಡೂ ಲಕ್ಷಣ ಒಟ್ಟಿಗೆ ಕಂಡರೆ ಮರುಟೇಕ್ ಕೇಳುವ ಮುನ್ನ ಈ ಸಂಖ್ಯೆಯನ್ನು ನೋಡಬೇಕು.

ಇನ್ನು ಆ ಒಂದು ಹಾಳೆ. ಕರಡಿ ದೃಶ್ಯದ ಹಾಳೆ ಹೀಗಿರುತ್ತದೆ ಎಂದುಕೊಳ್ಳೋಣ:

```
00:03:12:06  00:03:12:18  ಅಜ್ಜಿ   ನಿಲ್ಲಪ್ಪ!
00:03:13:05  00:03:14:20  ಅಜ್ಜಿ   ಮುಟ್ಟಬೇಡ / ಆ ದೀಪ!
00:03:15:02  00:03:17:00  ಮರಿ    (ಬೆನ್ನು) ಮುಟ್ತಾ ಇಲ್ಲ ಅಜ್ಜಿ, ಬರೀ ನೋಡ್ತಾ ಇದೀನಿ.
```

ಮೊದಲ ಸಂಖ್ಯೆ ಮಾತು ಶುರುವಾಗುವ ಜಾಗ, ಎರಡನೆಯದು ಮುಗಿಯುವ ಜಾಗ: ಗಂಟೆ, ನಿಮಿಷ, ಸೆಕೆಂಡ್, ಕೊನೆಗೆ ಫ್ರೇಮ್. ‘ನಿಲ್ಲಪ್ಪ’ ಎನ್ನಲು ಅಜ್ಜಿಗೆ ಸಿಗುವುದು 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್. ಎರಡನೆಯ ಸಾಲಿಗೆ ಒಂದು ಸೆಕೆಂಡ್ 15 ಫ್ರೇಮ್. ನಡುವಿನ ಓರೆಗೆರೆ ಎಂದರೆ ಅಲ್ಲಿ ಕರಡಿ ಉಸಿರು ಹಿಡಿದಿದೆ, ಬಾಯಿ ಮುಚ್ಚಿದೆ. ‘ಬೆನ್ನು’ ಎಂದರೆ ಮರಿಯ ಮುಖ ಕಾಣುವುದಿಲ್ಲ. ತುಟಿಯ ಚಿಂತೆಯಿಲ್ಲದೆ ಆ ಕಾಲದೊಳಗೆ ಹೇಗೆ ಬೇಕಾದರೂ ಹೇಳಬಹುದು. ಇಂಥ ಗುರುತುಗಳು ಎಲ್ಲೆಡೆ ಒಂದೇ ಇರುವುದಿಲ್ಲ. ಆದ್ದರಿಂದ ಯಾವ ಗುರುತಿಗೆ ಏನರ್ಥ ಎಂದು ಹಾಳೆಯ ತಲೆಯಲ್ಲೇ ಬರೆದಿಡುವುದು ಒಳ್ಳೆಯದು. ಸ್ಟುಡಿಯೊದಲ್ಲಿ ಕೇಳಲು ಪಕ್ಕದಲ್ಲಿ ಜನ ಇರುತ್ತಾರೆ, ಮನೆಯಲ್ಲಿ ಇರುವುದಿಲ್ಲ.

ಸಾಲು ಬರೆದವರ ಶ್ರಮವೂ ಇಲ್ಲಿ ಕಾಣುತ್ತದೆ. ಮೂಲ ಇಂಗ್ಲಿಷ್ ಮಾತು ‘ಲ್ಯಾಂಪ್’ ಎಂದು ಮುಗಿಯುತ್ತದೆ ಎಂದುಕೊಳ್ಳಿ. ಆಗ ಸಾಲಿನ ಕೊನೆಯಲ್ಲಿ ಕರಡಿಯ ತುಟಿಗಳು ಕೂಡುತ್ತವೆ. ಪ, ಬ, ಮ ಬಂದಾಗ ಮಾತ್ರ ತುಟಿಗಳು ಪೂರಾ ಕೂಡುವುದರಿಂದ ನೋಡುಗರ ಕಣ್ಣು ಮೊದಲು ಅದನ್ನೇ ಹಿಡಿಯುತ್ತದೆ. ‘ಆ ದೀಪ ಮುಟ್ಟಬೇಡ’ ಎಂದು ನೇರವಾಗಿ ಬರೆದಿದ್ದರೆ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತಿತ್ತು. ಗಾಬರಿಯಲ್ಲಿ ನಾವು ಮಾತಿನ ಕ್ರಮ ತಿರುವಿ ಆಡುವುದುಂಟು. ಅದನ್ನೇ ಬಳಸಿಕೊಂಡು ‘ದೀಪ’ವನ್ನು ಕೊನೆಗಿಟ್ಟರೆ ‘ಪ’ಕಾರ ಸರಿಯಾದ ಫ್ರೇಮಿನ ಹತ್ತಿರ ಬರುತ್ತದೆ.

ಮುದ್ರಣ ಶುರು. ಕಲಾವಿದೆಯ ಹೆಡ್‌ಫೋನಿನಲ್ಲಿ ಮೂಲದ ಪೈಲಟ್ ಟ್ರ್ಯಾಕ್ ಒಮ್ಮೆ ಕೇಳಿಸುತ್ತದೆ. ಆಮೇಲೆ ಸಮ ಅಂತರದ ಮೂರು ಬೀಪ್. ನಾಲ್ಕನೆಯ ಬೀಪ್ ಬರಬೇಕಾದ ಜಾಗದಲ್ಲಿ ಬೀಪ್ ಇರುವುದಿಲ್ಲ, ಮಾತು ಶುರುವಾಗಬೇಕು. ಇದು ಸಿನಿಮಾ ಡಬ್ಬಿಂಗ್‌ನ ಹಳೆಯ ಪದ್ಧತಿ. ಬೀಪ್‌ಗಳು ವಿಡಿಯೊದಲ್ಲೇ ಸೇರಿಸಿದವಾದ್ದರಿಂದ ಅವು ನೆಟ್‌ವರ್ಕಿನ ತಡಕ್ಕೆ ಸಿಕ್ಕುವುದಿಲ್ಲ.

ಮೊದಲ ಟೇಕ್ ಮುಗಿಯಿತು. ಬೆಂಗಳೂರಿನಲ್ಲಿ ಕೇಳಿದಾಗ ಇಡೀ ಸಾಲು ತಡವಾಯಿತು ಅನ್ನಿಸಿತು. ಫೈಲು ಕೂರಿಸಿ ನೋಡಿದರೆ ಶುರು ಸರಿಯಾಗಿಯೇ ಇದೆ. ‘ಬೇಡ’ ಎಂಬುದು ಎಳೆದುಹೋಗಿ ‘ದೀಪ’ದ ‘ಪ’ ಮಾತ್ರ ಐದು ಫ್ರೇಮ್ ತಡ. ನಿರ್ದೇಶಕಿಯ ಸೂಚನೆಯೂ ಅಷ್ಟೇ ಆಗಿರಬೇಕು: “ಮೇಡಂ, ಶುರು ಚೆನ್ನಾಗಿದೆ, ಅದನ್ನ ಬದಲಾಯಿಸಬೇಡಿ. ‘ಬೇಡ’ ಸ್ವಲ್ಪ ಚಿಕ್ಕದಾಗ್ಲಿ.” ಬರೀ ‘ಇನ್ನೂ ಬೇಗ’ ಎಂದಿದ್ದರೆ ಕಲಾವಿದೆ ಇಡೀ ಸಾಲನ್ನು ಓಡಿಸುತ್ತಿದ್ದರು, ಸರಿಯಿದ್ದದ್ದೂ ಕೆಡುತ್ತಿತ್ತು.

ಎರಡನೆಯ ಟೇಕ್‌ನಲ್ಲಿ ‘ಪ’ ತನ್ನ ಜಾಗಕ್ಕೆ ಬಂತು, ಆದರೆ ಅವಸರದಲ್ಲಿ ಗಾಬರಿ ಹೋಗಿ ಬೈಗುಳ ಬಂತು. ಇಲ್ಲಿ ನಿರ್ದೇಶಕಿ ತಾವೇ ಸಾಲನ್ನು ಆಡಿ ತೋರಿಸುವ ಆಸೆಗೆ ಬೀಳಬಾರದು. ಕಲಾವಿದೆ ಅದರ ಧಾಟಿಯನ್ನಷ್ಟೇ ಅನುಕರಿಸುತ್ತಾರೆ. “ಅಜ್ಜಿಗೆ ಸಿಟ್ಟಿಲ್ಲ ಮೇಡಂ, ಮರಿ ಕೈ ಸುಟ್ಕೊಳುತ್ತೆ ಅಂತ ಭಯ” ಎಂದರೆ ಸಾಕು. ಮೂರನೆಯ ಟೇಕ್‌ನಲ್ಲಿ ಎಲ್ಲವೂ ಕೂಡಿ ಬಂತು. ಸರಿಯಾಗಿ ‘ದೀಪ’ ಎನ್ನುವಾಗ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು.

ಯಾವುದಕ್ಕೆ ಮರುಟೇಕ್ ಬೇಕು, ಯಾವುದನ್ನು ಎಡಿಟಿಂಗ್‌ನಲ್ಲಿ ಸರಿಪಡಿಸಬಹುದು ಎಂಬ ತೀರ್ಮಾನ ಈ ಕೆಲಸದ ತಿರುಳು. ಮಾತುಗಳ ನಡುವಿನ ಮೌನ ನಾಲ್ಕು ಫ್ರೇಮ್ ಹೆಚ್ಚಾದರೆ ಕತ್ತರಿಸಬಹುದು. ಸೀಟಿ ಮೌನದಲ್ಲಿ ಬಿದ್ದಿದ್ದರೆ ಅದನ್ನೂ ತೆಗೆಯಬಹುದಿತ್ತು. ಮಾತಿನ ಮೇಲೆಯೇ ಬಿದ್ದ ಸದ್ದು, ಮೈಕ್‌ಗೆ ಹೊಡೆದ ಉಸಿರು, ಜೋರಾಗಿ ಒಡೆದ ದನಿ, ತಪ್ಪಿದ ಭಾವ, ಇವುಗಳಿಗೆ ಮತ್ತೆ ಹೇಳಿಸದೆ ಬೇರೆ ದಾರಿಯಿಲ್ಲ. ಹಾಗೆ ಹೇಳಿಸುವಾಗ ‘ದೀಪ’ ಒಂದನ್ನೇ ಕೇಳಬಾರದು, ‘ಮುಟ್ಟಬೇಡ’ದಿಂದಲೇ ಹಿಡಿಯಬೇಕು. ಒಂಟಿ ಪದಕ್ಕೆ ಹಿಂದಿನ ಉಸಿರಿನ ಓಟ ಇರುವುದಿಲ್ಲ, ಅಂಟಿಸಿದ ಜಾಗ ಕೇಳಿಸಿಬಿಡುತ್ತದೆ. ಕೂಗಾಟದ ಸಾಲುಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದೂ ರೂಢಿ. ಗಂಟಲು ಒಮ್ಮೆ ಒರಟಾದರೆ ಮೆಲುದನಿಯ ಸಾಲುಗಳು ಅಂದು ಸಿಗುವುದಿಲ್ಲ.

ಮರಿಯ ಸಾಲಿಗೆ ಬೇರೆ ತೊಡಕು. ಅಜ್ಜಿಯ ಮಾತಿಗೆ ಅದು ಥಟ್ಟನೆ ಉತ್ತರ ಕೊಡಬೇಕು. ಇಬ್ಬರನ್ನೂ ಒಂದೇ ಕರೆಯಲ್ಲಿ ಕೂರಿಸಿ ಮಾತಾಡಿಸಿದರೆ ಮೈಸೂರಿಗೆ ಅಜ್ಜಿಯ ದನಿ ತಡವಾಗಿ ಸೇರುತ್ತದೆ, ಥಟ್ಟನೆ ಬರಬೇಕಾದ ಉತ್ತರ ತೂಕಡಿಸುತ್ತದೆ. ಅದಕ್ಕೆ ಅಜ್ಜಿಯ ಒಪ್ಪಿದ ಟೇಕ್ ಅನ್ನು ಚಿತ್ರಕ್ಕೆ ಕೂರಿಸಿ, ಆ ಹೊಸ ವಿಡಿಯೊವನ್ನು ಮೈಸೂರಿಗೆ ಕಳಿಸುತ್ತಾರೆ. ಅಲ್ಲಿ ಹೆಡ್‌ಫೋನಿನಲ್ಲಿ ಅಜ್ಜಿಯ ಗಾಬರಿ ಕೇಳುತ್ತಲೇ ಮರಿ ಉತ್ತರಿಸುತ್ತದೆ. (ಗಂಡುಮರಿಗೆ ಹೆಂಗಸರು ದನಿ ಕೊಡುವುದು ಎಲ್ಲೆಡೆ ಸಾಮಾನ್ಯ, ‘ದಿ ಸಿಂಪ್ಸನ್ಸ್’ನ ತುಂಟ ಹುಡುಗ ಬಾರ್ಟ್‌ನ ದನಿ ನ್ಯಾನ್ಸಿ ಕಾರ್ಟ್‌ರೈಟ್ ಅವರದು.) ಮರಿಯ ಉತ್ತರ ತೀರಾ ಲಹರಿಯಲ್ಲಿ ಬಂದರೆ ಅದನ್ನು ಅಜ್ಜಿಗೆ ಕೇಳಿಸಿ, ಮುಂದಿನ ಸಾಲುಗಳನ್ನು ಅದಕ್ಕೆ ತಕ್ಕಂತೆ ಹೇಳಿಸುವುದೂ ಉಂಟು. ಎದುರುಬದುರು ನಿಂತು ಆಡಿದ ಮಾತಿನ ಸೊಗಸು ಇದರಿಂದ ಪೂರ್ತಿ ಸಿಗುವುದಿಲ್ಲ. ಮಾತಿನ ಮೇಲೆ ಮಾತು ಬೀಳುವ ಜಗಳದ ದೃಶ್ಯಗಳಿಗೆ ಕಲಾವಿದರನ್ನು ಒಂದೇ ಕೋಣೆಗೆ ಕರೆಸುವುದೇ ಮೇಲು.

ಟೇಕ್ ಮುಗಿದ ಕೂಡಲೇ ‘ಸೂಪರ್’ ಎಂದು ಬಾಯಿಬಿಡದಿರುವುದು ನಿರ್ದೇಶಕರು ರೂಢಿಸಿಕೊಳ್ಳಬೇಕಾದ ಇನ್ನೊಂದು ಶಿಸ್ತು. ಕೊನೆಯ ಉಸಿರೂ ಅಭಿನಯದ ಭಾಗ. ಅದರ ಮೇಲೆ ಹೆಡ್‌ಫೋನಿನಿಂದ ಸೋರಿದ ಹೊಗಳಿಕೆ ಬಿದ್ದರೆ ಆ ಟೇಕ್ ಹೋಯಿತು. ಮನಸ್ಸಿನಲ್ಲೇ ಎರಡು ಎಣಿಸಿ ಮಾತಾಡಬೇಕು.

ಒಪ್ಪಿದ ಫೈಲಿಗೆ `SC07_L02_T04.wav` ಎಂಬಂಥ ಹೆಸರು ಬೀಳುತ್ತದೆ: ಏಳನೆಯ ದೃಶ್ಯ, ಎರಡನೆಯ ಸಾಲು, ನಾಲ್ಕನೆಯ ಟೇಕ್. ಬಿಟ್ಟ ಟೇಕ್‌ಗಳನ್ನೂ ಅಳಿಸುವುದಿಲ್ಲ, ಮೊದಲ ಟೇಕ್‌ನ ಗಾಬರಿಯ ಉಸಿರು ಮುಂದೆ ಬೇಕಾಗಬಹುದು. ಕೆಲಸ ಮುಗಿಸುವ ಮುನ್ನ ಕಲಾವಿದರು ಅರ್ಧ ನಿಮಿಷ ಸುಮ್ಮನಿದ್ದು ಖಾಲಿ ಕೋಣೆಯ ಸದ್ದನ್ನೂ ಮುದ್ರಿಸಿ ಕೊಡುತ್ತಾರೆ. ಕತ್ತರಿಸಿದ ಜಾಗಗಳನ್ನು ತುಂಬಲು ಎಂಜಿನಿಯರಿಗೆ ಅದು ಬೇಕು. ಮೈಕ್ ಯಾವುದು, ಬಾಯಿಂದ ಎಷ್ಟು ದೂರದಲ್ಲಿತ್ತು, ಯಾವ ಕೋಣೆ ಎಂಬುದನ್ನು ನಿರ್ದೇಶಕಿ ಅದೇ ಹಾಳೆಯ ಕೆಳಗೆ ಗುರುತು ಹಾಕಿಕೊಳ್ಳುತ್ತಾರೆ. ವಾರಗಳ ನಂತರ ಒಂದೇ ಒಂದು ಸಾಲು ಬದಲಾದರೂ ಅದನ್ನು ಅದೇ ಕೋಣೆಯಲ್ಲಿ, ಅದೇ ಮೈಕ್‌ನಲ್ಲಿ, ಅಷ್ಟೇ ದೂರದಿಂದ ಹೇಳಿಸಬೇಕಾಗುತ್ತದೆ.