ಒಳಗೇ ಇರುವ ‘ಮತ್ತೆ’

ಕಚೇರಿಯ ಇಂಗ್ಲಿಷ್ ಪತ್ರವೊಂದರ ಸಾಲು ಹೀಗಿದೆ ಎನ್ನಿ: ‘ಪ್ಲೀಸ್ ಕೋಆಪರೇಟ್ ಟುಗೆದರ್ ಅಂಡ್ ರಿಟರ್ನ್ ಬ್ಯಾಕ್ ದ ಫಾರ್ಮ್ಸ್ ಬೈ ಫ್ರೈಡೇ.’ ಹತ್ತು ಪದಗಳು. ‘ಟುಗೆದರ್’, ‘ಬ್ಯಾಕ್’ ಎರಡನ್ನೂ ಹೊಡೆದುಹಾಕಿ ಓದಿ. ಅದೇ ಫಾರ್ಮು, ಅದೇ ಶುಕ್ರವಾರ, ಏನೂ ಕಳೆಯಲಿಲ್ಲ.

ಕಾರಣ ಪದದ ಮೊದಲಲ್ಲೇ ಇದೆ. ಲ್ಯಾಟಿನ್ನಿಂದ ಬಂದ ‘ರಿ’ ಎಂದರೆ ಹಿಂದಕ್ಕೆ ಅಥವಾ ಮತ್ತೆ. ‘ಕೋ’ ಎಂದರೆ ಜೊತೆಗೆ. ನಮ್ಮ ‘ಪುನರಾವರ್ತನೆ’ಯಲ್ಲಿ ‘ಪುನಃ’, ‘ಸಹಕಾರ’ದಲ್ಲಿ ‘ಸಹ’ ಕೂತಿರುವಂತೆಯೇ. ‘ಮತ್ತೆ ಪುನರಾವರ್ತಿಸಿ’ ಎಂದು ಕನ್ನಡದಲ್ಲೂ ಬರೆಯುತ್ತೇವಲ್ಲ, ಅದೂ ಇದೇ ತಪ್ಪು.

ಆದರೆ ಕಣ್ಣುಮುಚ್ಚಿ ಕತ್ತರಿ ಆಡಿಸಬಾರದು. ‘ಗೋ ಬ್ಯಾಕ್’ನಲ್ಲಿ ‘ಬ್ಯಾಕ್’ ತೆಗೆದರೆ ಮರಳಿ ಹೋಗು ಎಂಬುದು ಬರೀ ಹೋಗು ಎಂದಾಗುತ್ತದೆ. ‘ವರ್ಕ್ ಟುಗೆದರ್’ನಲ್ಲಿ ‘ಟುಗೆದರ್’ ಹೋದರೆ ಜೊತೆಗಾರಿಕೆಯೇ ಹೋಯಿತು. ‘ರಿಪೀಟ್ ಅಗೇನ್’ ಕೂಡ ಒಮ್ಮೊಮ್ಮೆ ಸರಿ: ಶಿಕ್ಷಕಿ ಪಾಠವನ್ನು ಒಮ್ಮೆ ಪುನರಾವರ್ತಿಸಿ, ಮೂರನೆಯ ಸಲವೂ ಹೇಳಿದರೆ ಆ ‘ಅಗೇನ್’ಗೆ ಕೆಲಸವಿದೆ. ಎರಡನೆಯ ಸಲಕ್ಕೆ ‘ರಿಪೀಟ್’ ಒಂದೇ ಸಾಕು.